ಫೋಟೊ ನೋಡಿ ಮನೆಗಿಡಗಳಿಗೆ ರ‍್ಯಾಂಕ್ ಕೊಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪ್ರತಿ ವರ್ಷ ಮನೆಗಿಡಗಳ ಒಂದು ಸಣ್ಣ ಸ್ಪರ್ಧೆ ನಡೆಯುತ್ತದೆ. ಎಲ್ಲರೂ ತಮ್ಮ ಗಿಡದ ಫೋಟೊ ಕಳಿಸುತ್ತಾರೆ. ನಾವು ಮೂವರು ಕೂತು ಯಾವ ಗಿಡ ಹೆಚ್ಚು ಆರೋಗ್ಯವಾಗಿದೆ ಅಂತ ಸಾಲಾಗಿ ಜೋಡಿಸುತ್ತೇವೆ. ರ‍್ಯಾಂಕ್ ಹೊರಗೆ ಬಂದ ಮೇಲೆ ಪ್ರಶ್ನೆಗಳು ಶುರು. ಲಿಫ್ಟಿನಲ್ಲಿ, ತರಕಾರಿ ಗಾಡಿ ಹತ್ತಿರ, ಫೋನಿನಲ್ಲಿ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಹೆಚ್ಚಿನ ಉದಾಹರಣೆಗಳು ಮನಿ ಪ್ಲಾಂಟಿನವು. ಎಲ್ಲರ ಮನೆಯಲ್ಲೂ ಇರುವುದು ಅದೇ, ಮತ್ತು ಫೋಟೊದಲ್ಲಿ ಅತಿ ಹೆಚ್ಚು ಮೋಸ ಮಾಡುವುದೂ ಅದೇ.

ಬರೀ ಫೋಟೊ ನೋಡಿ ಗಿಡದ ಆರೋಗ್ಯ ಹೇಳಬಹುದಾ?

ಸ್ವಲ್ಪ ಮಟ್ಟಿಗೆ ಹೇಳಬಹುದು. ಫೋಟೊದಲ್ಲಿ ಕಾಣುವುದು ಎಲೆ ಮತ್ತು ಕಾಂಡ. ಕುಂಡದ ಗಿಡಕ್ಕೆ ಬರುವ ತೊಂದರೆಗಳಲ್ಲಿ ದೊಡ್ಡ ಪಾಲು ಶುರುವಾಗುವುದು ಬೇರಿನಲ್ಲಿ. ಬೇರು ಫೋಟೊದಲ್ಲಿ ಬರುವುದಿಲ್ಲ.

ಇನ್ನೊಂದು ವಿಷಯ ಕಾಲದ್ದು. ಬಾಡುವುದೊಂದನ್ನು ಬಿಟ್ಟರೆ, ಎಲೆ ಇವತ್ತಿನ ಸುದ್ದಿ ಹೇಳುವುದಿಲ್ಲ. ಇವತ್ತು ಹಳದಿಯಾದ ಎಲೆಯ ಕಷ್ಟ ಶುರುವಾಗಿ ಎಷ್ಟೋ ದಿನ ಆಗಿರುತ್ತದೆ, ಕೆಲವೊಮ್ಮೆ ವಾರಗಳೇ ಆಗಿರುತ್ತವೆ. ಇವತ್ತು ದೊಡ್ಡದಾಗಿ ಹೊಳೆಯುತ್ತಿರುವ ಎಲೆಯೂ ಹಾಗೇ, ಹಿಂದೆ ಸಿಕ್ಕ ಬೆಳಕು ನೀರಿನ ಫಲ ಅದು. ಹಾಗಾಗಿ ಫೋಟೊ ನೋಡಿ ಕೊಡುವ ರ‍್ಯಾಂಕ್ ಅಂದರೆ "ಈ ಗಿಡ ಇಲ್ಲಿಯವರೆಗೆ ಹೇಗೆ ಬದುಕಿತ್ತು" ಅನ್ನುವುದರ ರ‍್ಯಾಂಕ್. ಮುಂದಿನ ತಿಂಗಳು ಹೇಗಿರುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ.

ಹಾಗಾದರೆ ನೀವು ಫೋಟೊದಲ್ಲಿ ಏನು ನೋಡುತ್ತೀರಿ?

ಮೊದಲು ಬಳ್ಳಿಯ ತುದಿ. ಅಲ್ಲಿ ಸುರುಳಿ ಬಿಚ್ಚುತ್ತಿರುವ ಹೊಸ ಎಲೆ ಇದೆಯಾ? ಅದರ ಹಿಂದಿನ ಎರಡು ಮೂರು ಎಲೆಗಳು ಹಳೆಯವಕ್ಕಿಂತ ದೊಡ್ಡದಾಗಿವೆಯಾ, ಅಷ್ಟೇ ಇವೆಯಾ, ಇಲ್ಲಾ ಚಿಕ್ಕದಾಗುತ್ತಾ ಬಂದಿವೆಯಾ? ಚಿಕ್ಕದಾಗುತ್ತಾ ಬಂದಿದ್ದರೆ ಬೆಳಕೋ ಗೊಬ್ಬರವೋ ಬೇರೋ, ಏನೋ ಒಂದು ಕಮ್ಮಿಯಾಗುತ್ತಿದೆ ಅಂತ ಅರ್ಥ. ಇದನ್ನು ಕ್ಯಾಮೆರಾ ಸುಲಭಕ್ಕೆ ಮುಚ್ಚಿಡಲಾರದು. ಒಂದೇ ಬಳ್ಳಿಯ ಎಲೆಗಳನ್ನು ಅದೇ ಬಳ್ಳಿಯ ಎಲೆಗಳ ಜೊತೆ ಹೋಲಿಸುತ್ತಿದ್ದೇವೆ, ಅಲ್ವಾ?

ಆಮೇಲೆ ಗೆಣ್ಣು. ಎಲೆ ಹೊರಡುವ ಜಾಗಕ್ಕೆ ಗೆಣ್ಣು ಅನ್ನುತ್ತೇವೆ. ಎರಡು ಗೆಣ್ಣಿನ ನಡುವಿನ ದೂರ ನೋಡುತ್ತೇನೆ. ಚೆನ್ನಾಗಿ ಬೆಳಕು ಸಿಗುವ ಮನಿ ಪ್ಲಾಂಟಿನಲ್ಲಿ ಎಲೆಗಳು ಒತ್ತೊತ್ತಾಗಿ ಬರುತ್ತವೆ. ಕತ್ತಲ ಮೂಲೆಯಲ್ಲಿ ಇಟ್ಟರೆ ಬಳ್ಳಿ ಬೆಳಕು ಹುಡುಕಿಕೊಂಡು ಓಡುತ್ತದೆ, ಎಲೆ ಎಲೆಗೂ ಒಂದು ಗೇಣು ಅಂತರ ಬೀಳುತ್ತದೆ. ಬಳ್ಳಿ ಉದ್ದ ಇದೆ ಅಂತ ಜನ ಮೆಚ್ಚುತ್ತಾರೆ. ನಾನು ಉದ್ದ ನೋಡುವುದಿಲ್ಲ, ಅಂತರ ನೋಡುತ್ತೇನೆ.

ಮೂರನೆಯದು ಹಳದಿ ಎಲ್ಲಿದೆ ಅನ್ನುವುದು. ಬುಡದ ಹಳೆ ಎಲೆ ಒಂದೆರಡು ಪೂರ್ತಿ ಹಳದಿಯಾಗಿ ಉದುರುವುದು ಸಹಜ. ಬುಡದಿಂದ ಶುರುವಾಗಿ ಒಂದರ ಹಿಂದೆ ಒಂದು ಹಳದಿಯಾಗುತ್ತಾ ಮೇಲೆ ಹತ್ತುತ್ತಿದ್ದರೆ ಸಾರಜನಕದ ಕೊರತೆ ಇರಬಹುದು. ಗಿಡ ಹಳೆ ಎಲೆಯಿಂದ ಸಾರಜನಕ ಎಳೆದು ಹೊಸ ಎಲೆಗೆ ಕೊಡುತ್ತದೆ. ಕಬ್ಬಿಣವನ್ನು ಹಾಗೆ ಎಳೆದುಕೊಳ್ಳಲು ಗಿಡಕ್ಕೆ ಆಗುವುದಿಲ್ಲ. ಅದಕ್ಕೇ ಕಬ್ಬಿಣ ಕಮ್ಮಿಯಾದಾಗ ತುದಿಯ ಎಳೆ ಎಲೆಯೇ ಹಳದಿಯಾಗುತ್ತದೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಬೆಂಗಳೂರಿನ ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ಇದನ್ನು ಆಗಾಗ ನೋಡಿದ್ದೇನೆ. ಗಡಸು ನೀರಿನ ಸುಣ್ಣದಿಂದ ಮಣ್ಣು ಕ್ಷಾರವಾಗುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಕುಂಡದ ಅಂಚಿಗೆ ಬಿಳಿ ಪದರ ಕಟ್ಟಿದ್ದು ಫೋಟೊದಲ್ಲಿ ಕಂಡರೆ ನನ್ನ ಅನುಮಾನ ಆ ಕಡೆ ಹೋಗುತ್ತದೆ.

ಹೊಳಪು, ಹಸಿರಿನ ಗಾಢತೆ, ಗಿಡ ಎಷ್ಟು ತುಂಬಿಕೊಂಡಿದೆ ಅನ್ನುವುದು, ಇವು ಮೂರೂ ಕಣ್ಣಿಗೆ ಮೊದಲು ಬೀಳುತ್ತವೆ. ನಾನು ಇವನ್ನು ಕಡೆಗೆ ನೋಡುತ್ತೇನೆ.

ಗಿಡ ಎಷ್ಟು ಹಸಿರಾಗಿದ್ದರೆ ಅಷ್ಟು ಆರೋಗ್ಯ, ಅಲ್ವಾ?

ಅಲ್ಲ. ಹಳದಿ ಪಟ್ಟೆ ಇರುವ ಮನಿ ಪ್ಲಾಂಟ್ ತೆಗೆದುಕೊಳ್ಳಿ. ಆ ಪಟ್ಟೆಯಲ್ಲಿ ಪತ್ರಹರಿತ್ತು ಕಮ್ಮಿ, ಅಂದರೆ ಅಡುಗೆ ಮಾಡುವ ಭಾಗ ಕಮ್ಮಿ. ಬೆಳಕು ಚೆನ್ನಾಗಿ ಸಿಗುವ ಕಡೆ ಗಿಡ ಇದನ್ನು ತಡೆದುಕೊಳ್ಳುತ್ತದೆ, ಪಟ್ಟೆಗಳು ಎದ್ದು ಕಾಣುತ್ತವೆ. ಅದನ್ನೇ ತಂದು ಕತ್ತಲ ಹಾಲಿನಲ್ಲಿ ಇಟ್ಟರೆ ಹೊಸ ಎಲೆಗಳಲ್ಲಿ ಪಟ್ಟೆ ಕಮ್ಮಿಯಾಗುತ್ತಾ ಬರುತ್ತದೆ, ಕೊನೆಗೆ ಎಲೆ ಪೂರಾ ಕಡು ಹಸಿರು. ನೋಡಿದವರು "ಎಷ್ಟು ಚೆನ್ನಾಗಿ ಹಸಿರಾಗಿದೆ" ಅನ್ನುತ್ತಾರೆ. ಗಿಡ ಆ ಹಸಿರಿನಲ್ಲಿ ಹೇಳುತ್ತಿರುವುದು "ಬೆಳಕು ಸಾಲುತ್ತಿಲ್ಲ" ಅಂತ.

ಹಾಗಂತ ಕಡು ಹಸಿರೆಲ್ಲ ಕೆಟ್ಟದ್ದು ಅಂತಲೂ ಅಲ್ಲ. ಪಟ್ಟೆಯೇ ಇಲ್ಲದ, ಹುಟ್ಟಿನಿಂದಲೇ ಹಸಿರಾದ ತಳಿಗಳಿವೆ. ಗಿಳಿ ಹಸಿರಿನಂಥ, ತಿಳಿ ನಿಂಬೆ ಬಣ್ಣದ ತಳಿಯೂ ಇದೆ. ಅದರ ಸಹಜ ಬಣ್ಣವೇ ಅದು. ಗಿಡದ ತಳಿ ಗೊತ್ತಿಲ್ಲದೆ ಬಣ್ಣಕ್ಕೆ ರ‍್ಯಾಂಕ್ ಕೊಟ್ಟರೆ ಆ ಗಿಡಕ್ಕೆ ಅನ್ಯಾಯವಾಗುತ್ತದೆ.

ನನ್ನ ಗಿಡ ಫೋಟೊದಲ್ಲಿ ಹಳದಿಯಾಗಿ ಕಂಡಿದೆ. ಎದುರಿಗೆ ನೋಡಿದರೆ ಹಸಿರೇ ಇದೆ. ಯಾಕೆ?

ನಿಮ್ಮ ಮನೆಯ ಬಲ್ಬಿನಿಂದ. ಹಳದಿ ಬೆಳಕಿನ ಬಲ್ಬಿನ ಕೆಳಗೆ ಎಲೆಯೂ ಹಳದಿಗೆ ತಿರುಗುತ್ತದೆ. ನಮ್ಮ ಕಣ್ಣು ಅದನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ಫೋನು ಸರಿ ಮಾಡಲು ಪ್ರಯತ್ನ ಪಡುತ್ತದೆ, ಆದರೆ ಫ್ರೇಮಿನ ತುಂಬಾ ಎಲೆಯೇ ಇದ್ದರೆ ಯಾವುದು ಬಿಳಿ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಒಂದೇ ಗಿಡವನ್ನು ರಾತ್ರಿ ಬಲ್ಬಿನಲ್ಲಿ, ಬೆಳಗ್ಗೆ ಕಿಟಕಿ ಹತ್ತಿರ, ಮಧ್ಯಾಹ್ನ ಬಾಲ್ಕನಿಯಲ್ಲಿ ತೆಗೆದು ಪಕ್ಕಪಕ್ಕ ಇಡಿ. ಮೂರು ಬೇರೆ ಗಿಡಗಳೇ ಅನ್ನಿಸುತ್ತದೆ.

ಇದಕ್ಕೆ ಸುಲಭದ ಉಪಾಯ ಒಂದಿದೆ. ಕುಂಡದ ಪಕ್ಕ ಒಂದು ಬಿಳಿ ಹಾಳೆ ಇಟ್ಟು ಫೋಟೊ ತೆಗೆಯಿರಿ. ಫೋಟೊದಲ್ಲಿ ಹಾಳೆಯೇ ಹಳದಿಯಾಗಿದ್ದರೆ ಎಲೆಯ ಹಳದಿಯನ್ನು ನಂಬುವ ಹಾಗಿಲ್ಲ. ಹಾಳೆ ಬಿಳಿಯಾಗಿದ್ದು ಎಲೆ ಹಳದಿಯಾಗಿದ್ದರೆ ಅದು ಗಿಡದ್ದೇ ಹಳದಿ. ಈಗ ನಾವು ಹಾಳೆ ಇಲ್ಲದ ಫೋಟೊದಲ್ಲಿ ಬಣ್ಣದ ಬಗ್ಗೆ ಮಾತೇ ಆಡುವುದಿಲ್ಲ.

ಹಿನ್ನೆಲೆಯೂ ಆಟ ಆಡಿಸುತ್ತದೆ. ಕಪ್ಪು ಗೋಡೆ ಮುಂದೆ ಇಟ್ಟರೆ ಫೋನು ಒಟ್ಟಾರೆ ಕತ್ತಲಿದೆ ಅಂದುಕೊಂಡು ಬೆಳಕು ಜಾಸ್ತಿ ಮಾಡುತ್ತದೆ, ಎಲೆ ಪೇಲವವಾಗುತ್ತದೆ. ಬೆಳಕು ಬರುವ ಕಿಟಕಿಗೆ ಎದುರಾಗಿ ತೆಗೆದರೆ ಗಿಡ ಕಪ್ಪಾಗುತ್ತದೆ. ಕೆಲವು ಫೋನುಗಳು ಹಸಿರನ್ನು ತಾವಾಗಿಯೇ ಎತ್ತಿ ಕೊಡುತ್ತವೆ. ಹೊಸ ಫೋನಿನವರ ಗಿಡ ಮೇಲೆ, ಹಳೆ ಫೋನಿನವರ ಗಿಡ ಕೆಳಗೆ ಆಗಬಾರದು ಅನ್ನುವ ಎಚ್ಚರ ನಮಗೆ ಇರಲೇಬೇಕು.

ಫೋಟೊ ರ‍್ಯಾಂಕ್ ಪೂರ್ತಿ ತಪ್ಪಾದ ಉದಾಹರಣೆ ಇದೆಯಾ?

ಇದೆ. ನಾವು ಈಗ ಮಾಡುವ ಪದ್ಧತಿಯೇ ಅದರಿಂದ ಬದಲಾಯಿತು.

ಒಂದು ವರ್ಷ ಎಲ್ಲರಿಗೂ ಸಮನಾಗಿರಲಿ ಅಂತ ಒಂದೇ ತಾಯಿ ಬಳ್ಳಿಯಿಂದ ತುಂಡು ಕತ್ತರಿಸಿ ಐದು ಮನೆಗೆ ಕೊಟ್ಟೆವು. ಒಂದೊಂದು ತುಂಡಿಗೂ ಮೂರು ಗೆಣ್ಣು. ಆರು ತಿಂಗಳ ನಂತರ ಐದು ಫೋಟೊ ಬಂದವು. ಹೆಸರು ತೆಗೆದು ಒಂದರಿಂದ ಐದು ಅಂತ ನಂಬರ್ ಹಾಕಿದೆವು.

ಒಂದನೆಯದರಲ್ಲಿ ಒಂಬತ್ತು ಎಲೆ, ಹಳದಿ ಪಟ್ಟೆ ಚೆನ್ನಾಗಿ ಕಾಣುತ್ತಿತ್ತು, ಒಂದೆರಡು ಎಲೆಯ ತುದಿ ಕಂದು. ಎರಡನೆಯದು ಚಂದದ ಬಿಳಿ ಪಿಂಗಾಣಿ ಕುಂಡದಲ್ಲಿತ್ತು, ಕಡು ಹಸಿರು ಎಲೆ, ಉದ್ದ ಬಳ್ಳಿ, ಎಲೆಗಳೆಲ್ಲ ಒರೆಸಿ ಹೊಳೆಯುತ್ತಿದ್ದವು. ಮೂರನೆಯದರ ಎಲೆಗಳೆಲ್ಲ ಜೋತುಬಿದ್ದಿದ್ದವು. ನಾಲ್ಕನೆಯದು ಚಿಕ್ಕ ಗಿಡ, ಬುಡದಲ್ಲಿ ಎರಡು ಹಳದಿ ಎಲೆ. ಐದನೆಯದು ಗಾಜಿನ ಬಾಟಲಿಯ ನೀರಿನಲ್ಲಿತ್ತು, ಇಡೀ ಗಿಡ ಹಳದಿ ಹಳದಿಯಾಗಿ ಕಂಡಿತು.

ನಾವು ಮೂವರೂ ಎರಡನೆಯದಕ್ಕೆ ಮೊದಲ ಸ್ಥಾನ ಕೊಟ್ಟೆವು. ಆಮೇಲೆ ಒಂದು, ನಾಲ್ಕು, ಐದು. ಮೂರನೆಯದು ಕೊನೆ. ಬಹುಮಾನ ಹೇಳುವ ಮೊದಲು ಐದೂ ಮನೆಗೆ ಹೋಗಿ ಬರೋಣ ಅಂತ ಹೊರಟೆವು.

ಎರಡನೆಯ ಕುಂಡವನ್ನು ಎತ್ತಿದಾಗ ಕೈಗೆ ಭಾರ ಬಂತು. ಆ ಪಿಂಗಾಣಿ ಕುಂಡಕ್ಕೆ ತೂತೇ ಇರಲಿಲ್ಲ. ಒಳಗೆ ನರ್ಸರಿಯ ಪ್ಲಾಸ್ಟಿಕ್ ಕುಂಡವನ್ನು ಹಾಗೇ ಇಟ್ಟಿದ್ದರು. ಅದನ್ನು ಎತ್ತಿ ನೋಡಿದರೆ ತಳದಲ್ಲಿ ಎರಡು ಇಂಚು ನೀರು ನಿಂತಿತ್ತು. ಕೊಳೆತ ಮೊಟ್ಟೆಯಂಥ ವಾಸನೆ. ಮನೆಯವರ ಒಪ್ಪಿಗೆ ತೆಗೆದುಕೊಂಡು ಗಿಡವನ್ನು ಮಣ್ಣಿನ ಸಮೇತ ಹೊರಗೆ ಎಳೆದೆವು. ಕೆಳಗಿನ ಅರ್ಧ ಬೇರು ಕಂದಾಗಿ ಮೆತ್ತಗಾಗಿತ್ತು. ಒಂದು ಬೇರನ್ನು ಬೆರಳಲ್ಲಿ ಹಿಡಿದು ಎಳೆದೆ. ಮೇಲಿನ ಸಿಪ್ಪೆ ಕೈಗೆ ಬಂತು, ಒಳಗಿನ ದಾರದಂಥ ಎಳೆ ಮಾತ್ರ ಉಳಿಯಿತು. ಬೇರು ಕೊಳೆತಿದೆ ಅನ್ನುವುದಕ್ಕೆ ಅದಕ್ಕಿಂತ ಸ್ಪಷ್ಟ ಗುರುತು ಇಲ್ಲ. ಎಲೆ ಮಾತ್ರ ಇನ್ನೂ ಹೊಳೆಯುತ್ತಿತ್ತು. ಮೇಲಿನ ಅರ್ಧ ಬೇರು ಇನ್ನೂ ನೀರು ಕೊಡುತ್ತಿತ್ತು. ಗಿಡ ಇದ್ದ ಮೂಲೆಯಲ್ಲಿ ಬೆಳಕು ಕಮ್ಮಿ, ಹಾಗಾಗಿ ಎಲೆಗೆ ಬೇಕಾದ ನೀರೂ ಕಮ್ಮಿ. ಇವೆರಡೂ ಸೇರಿ ರೋಗವನ್ನು ಮುಚ್ಚಿಟ್ಟಿದ್ದವು.

ಮೂರನೆಯದು ತದ್ವಿರುದ್ಧ. ಕುಂಡ ಹತ್ತಿಯಷ್ಟು ಹಗುರ. ಮನೆಯವರು ಊರಿಗೆ ಹೋಗಿ ಅವತ್ತಷ್ಟೇ ವಾಪಸ್ ಬಂದು ಫೋಟೊ ತೆಗೆದು ಕಳಿಸಿದ್ದರು. ಸಂಜೆ ನೀರು ಹಾಕಿದರು. ಮರುದಿನ ಬೆಳಗ್ಗೆ ಎಲೆಗಳೆಲ್ಲ ಎದ್ದು ನಿಂತಿದ್ದವು. ಬೇರು ಬಿಳಿಯಾಗಿ ಗಟ್ಟಿಯಾಗಿತ್ತು.

ಐದನೆಯದನ್ನು ಬಾಟಲಿ ಸಮೇತ ಕಿಟಕಿ ಹತ್ತಿರ ತಂದೆವು. ಹಳದಿಯೆಲ್ಲ ಮಾಯ. ಅದು ಅಡುಗೆಮನೆ ಬಲ್ಬಿನ ಬಣ್ಣವಾಗಿತ್ತು. ನೀರಿನೊಳಗೆ ಬೇರು ಕಣ್ಣಿಗೆ ಕಾಣುವ ಏಕೈಕ ಗಿಡ ಅದು, ಆದರೆ ಕಳಿಸಿದ ಫೋಟೊದಲ್ಲಿ ಬಾಟಲಿಯ ಕೆಳಭಾಗವನ್ನೇ ಬಿಟ್ಟಿದ್ದರು. ನಾಲ್ಕನೆಯದರ ಹಳದಿ ಎಲೆಗಳು ಹಳೆಯವು. ತುದಿಯಲ್ಲಿ ಹೊಸ ಎಲೆ ಬಿಚ್ಚುತ್ತಿತ್ತು, ಕುಂಡದ ತೂತಿನಿಂದ ಬೇರು ಹೊರಗೆ ಇಣುಕುತ್ತಿತ್ತು. ಆ ಗಿಡಕ್ಕೆ ಬೇಕಾಗಿದ್ದದ್ದು ಸ್ವಲ್ಪ ದೊಡ್ಡ ಕುಂಡ, ಅಷ್ಟೇ.

ಕೈಯಲ್ಲಿ ಮುಟ್ಟಿ ನೋಡಿದ ಮೇಲೆ ಬಂದ ಸಾಲು: ಒಂದು, ನಾಲ್ಕು, ಐದು, ಮೂರು, ಎರಡು. ಫೋಟೊದಲ್ಲಿ ಮೊದಲು ಬಂದದ್ದು ಕೊನೆಗೆ ಹೋಯಿತು. ಹದಿನೈದು ದಿನದಲ್ಲಿ ಎರಡನೆಯ ಗಿಡದ ಎಲೆಗಳಲ್ಲಿ ಕಂದು ಕಪ್ಪು ಮಚ್ಚೆ ಬಂದು ಅಂಚು ಹಳದಿಯಾಯಿತು. ಅಷ್ಟರಲ್ಲಿ ಬಳ್ಳಿಯ ಚೆನ್ನಾಗಿದ್ದ ತುದಿಗಳನ್ನು ಗೆಣ್ಣಿನ ಕೆಳಗೆ ಕತ್ತರಿಸಿ ನೀರಿನಲ್ಲಿ ಇಟ್ಟಿದ್ದೆವು. ಗೆಣ್ಣು ಇಲ್ಲದ ಬರೀ ಎಲೆ ಇಟ್ಟರೆ ಹೊಸ ಬಳ್ಳಿ ಬರುವುದಿಲ್ಲ, ಅದಕ್ಕೇ ಅಷ್ಟು ಜೋಪಾನ. ನಾಲ್ಕು ತುಂಡಿನಲ್ಲಿ ಮೂರು ಬೇರು ಬಿಟ್ಟವು.

ಎಲೆ ಬಾಡಿದ ಫೋಟೊ ನೋಡಿ ನೀರು ಜಾಸ್ತಿಯಾಗಿದೆಯಾ ಕಮ್ಮಿಯಾಗಿದೆಯಾ ಹೇಳಬಹುದಾ?

ಎಲೆಯೊಂದನ್ನೇ ನೋಡಿ ಹೇಳುವುದು ಬಹಳ ಕಷ್ಟ. ನೀರಿಲ್ಲದಿದ್ದರೆ ಎಲೆ ಬಾಡುತ್ತದೆ. ನೀರು ಜಾಸ್ತಿಯಾಗಿ ಬೇರು ಕೊಳೆತರೆ, ಮಣ್ಣಿನ ತುಂಬಾ ನೀರಿದ್ದರೂ ಮೇಲಕ್ಕೆ ಎತ್ತಿ ಕೊಡಲು ಬೇರೇ ಇಲ್ಲ. ಆಗಲೂ ಎಲೆ ಬಾಡುತ್ತದೆ. ಎಲೆಯ ಮಟ್ಟಿಗೆ ಎರಡೂ ಬಾಯಾರಿಕೆಯೇ.

ಇಲ್ಲಿ ತಪ್ಪು ಮಾಡಿದರೆ ಗಿಡ ಹೋಗುತ್ತದೆ. ಫೋಟೊ ನೋಡಿದವರು "ಪಾಪ, ಬಾಡಿದೆ, ನೀರು ಹಾಕಿ" ಅಂತ ಸುಮ್ನೆ ಹೇಳಿಬಿಡುತ್ತಾರೆ. ಬೇರು ಕೊಳೆತ ಗಿಡಕ್ಕೆ ಆ ನೀರೇ ಕೊನೆಯದಾಗುತ್ತದೆ. ಹಾಗಾಗಿ ಬಾಡಿದ ಗಿಡದ ಫೋಟೊ ಬಂದರೆ ನಾನು ಮೊದಲು ಎರಡು ಕೆಲಸ ಮಾಡಿಸುತ್ತೇನೆ. ಬೆರಳನ್ನು ಎರಡು ಇಂಚು ಮಣ್ಣಿನೊಳಗೆ ಇಳಿಸಿ, ಒದ್ದೆ ಇದೆಯಾ ಹೇಳಿ. ಕುಂಡ ಎತ್ತಿ, ಭಾರವಾ ಹಗುರವಾ ಹೇಳಿ. ಮಣ್ಣಿನ ಮೇಲ್ಭಾಗದ ಫೋಟೊ ಸಾಲುವುದಿಲ್ಲ. ಕೊಕೊಪೀಟ್ ಜಾಸ್ತಿ ಇರುವ ಮಣ್ಣು ಮೇಲೆ ಒಣಗಿ ತಿಳಿ ಕಂದಾಗಿ ಕಂಡರೂ ಒಳಗೆ ಹಿಂಡಿದರೆ ನೀರು ಬರುವಷ್ಟು ಒದ್ದೆ ಇರುತ್ತದೆ.

ಹುಳು ಬಿದ್ದಿದ್ದರೆ ಫೋಟೊದಲ್ಲಿ ಕಾಣುವುದಿಲ್ವಾ?

ಹಿಟ್ಟು ತಿಗಣೆ ಕೆಲವೊಮ್ಮೆ ಕಾಣುತ್ತದೆ. ಎಲೆ ತೊಟ್ಟು ಕಾಂಡಕ್ಕೆ ಸೇರುವ ಸಂದಿಯಲ್ಲಿ ಹತ್ತಿ ಅಂಟಿದ ಹಾಗೆ ಬಿಳಿಯಾಗಿ ಕೂತಿರುತ್ತದೆ. ಆದರೆ ಇಡೀ ಗಿಡದ ಒಂದೇ ಫೋಟೊದಲ್ಲಿ ಆ ಸಂದಿ ಯಾರಿಗೂ ಕಾಣುವುದಿಲ್ಲ.

ಜೇಡ ನುಸಿಯ ಕಥೆ ಇನ್ನೂ ಕಷ್ಟ. ಅದರ ಗಾತ್ರ ಅರ್ಧ ಮಿಲಿಮೀಟರ್ ಸುಮಾರು, ಇರುವುದು ಎಲೆಯ ಅಡಿಗೆ. ಮೇಲಿನಿಂದ ಕಾಣುವುದು ಅದು ರಸ ಹೀರಿದ ಗುರುತು ಮಾತ್ರ, ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ತಿಳಿ ಚುಕ್ಕೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗಿ ಬರುತ್ತದೆ, ಆ ಚುಕ್ಕೆಗಳು ಮೊದಲು ಅಳಿಸಿ ಹೋಗುತ್ತವೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಪೂರ್ತಿ ಫೋಟೊ ಬರುತ್ತದೆ. ಅದಕ್ಕಿಂತ ಒಳ್ಳೆಯದು, ಒಂದು ಬಿಳಿ ಹಾಳೆ ಹಿಡಿದು ಅದರ ಮೇಲೆ ಎಲೆಯನ್ನು ತಟ್ಟಿ. ಬಿದ್ದ ಧೂಳಿನಲ್ಲಿ ಯಾವುದಾದರೂ ಚುಕ್ಕೆ ನಡೆಯಲು ಶುರು ಮಾಡಿದರೆ ಅದು ನುಸಿ. ನಡೆಯುವುದನ್ನು ಒಂದು ಫೋಟೊ ತೋರಿಸಲಾರದು. ಸಣ್ಣ ವಿಡಿಯೊ ತೋರಿಸುತ್ತದೆ.

ಫೋಟೊದಲ್ಲಿ ಹುಳು ಕಾಣಲಿಲ್ಲ ಅಂದರೆ ಗಿಡದಲ್ಲಿ ಹುಳು ಇಲ್ಲ ಅಂತ ನಾವು ಬರೆಯುವುದಿಲ್ಲ. "ಎಲೆ ಅಡಿಭಾಗ ನೋಡಿಲ್ಲ" ಅಂತ ಬರೆಯುತ್ತೇವೆ.

ಬೇರೆ ಬೇರೆ ಜಾತಿಯ ಗಿಡಗಳನ್ನು ಪಕ್ಕಪಕ್ಕ ಇಟ್ಟು ರ‍್ಯಾಂಕ್ ಕೊಡಬಹುದಾ?

ದಯವಿಟ್ಟು ಬೇಡ. ಪೀಸ್ ಲಿಲಿಗೆ ನೀರು ಸ್ವಲ್ಪ ತಪ್ಪಿದರೆ ಇಡೀ ಗಿಡ ನೆಲಕ್ಕೆ ಬಿದ್ದ ಹಾಗೆ ಮಲಗುತ್ತದೆ, ನೀರು ಹಾಕಿದ ಕೆಲವು ಗಂಟೆಯಲ್ಲಿ ಎದ್ದು ನಿಲ್ಲುತ್ತದೆ. ಸ್ನೇಕ್ ಪ್ಲಾಂಟ್ ಅದರ ವಿರುದ್ಧ. ಅದರ ಎಲೆಯಲ್ಲೂ ನೆಲದೊಳಗಿನ ಗೆಡ್ಡೆಯಂಥ ಕಾಂಡದಲ್ಲೂ ನೀರು ಕೂಡಿಟ್ಟಿರುತ್ತದೆ. ಬುಡ ಕೊಳೆಯುತ್ತಾ ಇದ್ದರೂ ಎಲೆ ಬಹಳ ದಿನ ನೆಟ್ಟಗೆ ನಿಂತಿರುತ್ತದೆ. ಕೊನೆಗೆ ಒಂದು ದಿನ ಎಲೆ ಮುಟ್ಟಿದರೆ ಬುಡದಿಂದ ಕಳಚಿ ಕೈಗೆ ಬರುತ್ತದೆ. ಇವೆರಡರ ಫೋಟೊ ಪಕ್ಕಪಕ್ಕ ಇಟ್ಟರೆ ಬಾಯಾರಿದ ಗಿಡ ಕೆಳಗೆ, ಸಾಯುತ್ತಿರುವ ಗಿಡ ಮೇಲೆ ಬರುತ್ತದೆ.

ಇನ್ನು ಮರಾಂಟಾ ಇದೆ. ಅದು ಹಗಲಲ್ಲಿ ಎಲೆ ಹರಡುತ್ತದೆ, ರಾತ್ರಿ ಕೈ ಮುಗಿದ ಹಾಗೆ ಮೇಲೆ ಎತ್ತುತ್ತದೆ. ಗಂಟೆ ಗೊತ್ತಿಲ್ಲದ ಫೋಟೊದಲ್ಲಿ ಎಲೆ ಮಡಿಚಿರುವುದಕ್ಕೆ ಏನೂ ಅರ್ಥ ಹೇಳಲು ಬರುವುದಿಲ್ಲ.

ಒಂದೇ ಜಾತಿಯಲ್ಲೂ ಬೆಳೆಸಿದ ರೀತಿ ನೋಡಬೇಕು. ಮನಿ ಪ್ಲಾಂಟಿನ ಮೂಲ ಫ್ರೆಂಚ್ ಪಾಲಿನೇಷ್ಯಾದ ಮೊರಿಯಾ ದ್ವೀಪ. ಮರ ಹತ್ತಿ ಬೆಳೆಯುವ ಬಳ್ಳಿ ಅದು. ಮರಕ್ಕೋ ಕೋಲಿಗೋ ಹತ್ತಿಸಿದರೆ ಎಲೆ ದೊಡ್ಡದಾಗುತ್ತಾ ಹೋಗುತ್ತದೆ. ನಮ್ಮ ಊರಿನಲ್ಲೇ ತೆಂಗಿನ ಮರಕ್ಕೆ ಹಬ್ಬಿಸಿದ ಬಳ್ಳಿಯಲ್ಲಿ ಮೊರದಗಲದ ಎಲೆ ನೋಡಿರುತ್ತೀರಿ. ಅದೇ ಬಳ್ಳಿಯನ್ನು ತೂಗುಕುಂಡದಿಂದ ಕೆಳಗೆ ಇಳಿಬಿಟ್ಟರೆ ಎಲೆ ಚಿಕ್ಕದಾಗಿಯೇ ಉಳಿಯುತ್ತದೆ. ಹಾಗಾಗಿ ತೂಗುಕುಂಡದ ಗಿಡವನ್ನು ತೂಗುಕುಂಡದ ಗಿಡದ ಜೊತೆಗೇ ಹೋಲಿಸಬೇಕು.

ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಡುತ್ತೀರಾ?

ಮೊದಲು ಕೊಡುತ್ತಿದ್ದೆವು, ಈಗ ಬಿಟ್ಟಿದ್ದೇವೆ. ನನ್ನ ಏಳು ನಿಮ್ಮ ಏಳಲ್ಲ. ಅದೂ ಅಲ್ಲದೆ, ಒಂದು ಕೆಟ್ಟ ಗಿಡ ನೋಡಿದ ತಕ್ಷಣ ಸಾಧಾರಣ ಗಿಡ ಬಂದರೂ ಎಂಟು ಕೊಟ್ಟುಬಿಡುತ್ತೇವೆ.

ಈಗ ಎರಡೆರಡು ಫೋಟೊ ಪಕ್ಕಪಕ್ಕ ಇಟ್ಟು "ಇವೆರಡರಲ್ಲಿ ಯಾವುದು ಮೇಲು" ಅಂತ ಮಾತ್ರ ಕೇಳಿಕೊಳ್ಳುತ್ತೇವೆ. ಐದು ಗಿಡಕ್ಕೆ ಹತ್ತು ಜೋಡಿ ಆಗುತ್ತದೆ, ಕಾಲು ಗಂಟೆಯ ಕೆಲಸ. ಹತ್ತು ಗಿಡ ಆದರೆ ನಲವತ್ತೈದು ಜೋಡಿ. ಕಣ್ಣು ಸೋಲುತ್ತದೆ, ಹಾಗಾಗಿ ಮೊದಲು ಚೆನ್ನಾಗಿರುವುದು, ಪರವಾಗಿಲ್ಲ, ಕಷ್ಟದಲ್ಲಿದೆ ಅಂತ ಮೂರು ಗುಂಪು ಮಾಡಿ ಗುಂಪಿನೊಳಗೆ ಮಾತ್ರ ಜೋಡಿ ನೋಡುತ್ತೇವೆ. ಮರುದಿನ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಇಟ್ಟು ಇನ್ನೊಂದು ಸಲ. ಎರಡು ದಿನಕ್ಕೆ ಎರಡು ಉತ್ತರ ಬಂದ ಜೋಡಿಗೆ ಸಮ ಅಂತ ಬರೆಯುತ್ತೇವೆ. ಬಲವಂತವಾಗಿ ಮೇಲೆ ಕೆಳಗೆ ಮಾಡುವುದಿಲ್ಲ.

ಒಮ್ಮೊಮ್ಮೆ ಸುತ್ತು ಬೀಳುತ್ತದೆ. ಮೊದಲನೆಯದು ಎರಡನೆಯದಕ್ಕಿಂತ ಮೇಲು, ಎರಡನೆಯದು ಮೂರನೆಯದಕ್ಕಿಂತ ಮೇಲು, ಮೂರನೆಯದು ಮತ್ತೆ ಮೊದಲನೆಯದಕ್ಕಿಂತ ಮೇಲು! ಹೀಗಾದರೆ ಒಂದು ಜೋಡಿಯಲ್ಲಿ ನಾವು ಹೊಸ ಚಿಗುರು ನೋಡಿದ್ದೇವೆ, ಇನ್ನೊಂದರಲ್ಲಿ ಬಣ್ಣ ನೋಡಿದ್ದೇವೆ ಅಂತ ಗೊತ್ತಾಗುತ್ತದೆ. ಆಗ ನಿಲ್ಲಿಸಿ, ಯಾವುದಕ್ಕೆ ಬೆಲೆ ಕೊಡುತ್ತಿದ್ದೇವೆ ಅಂತ ಮೂವರೂ ಮಾತಾಡಿಕೊಂಡು ಮತ್ತೆ ನೋಡುತ್ತೇವೆ.

ಫೋಟೊ ಹೇಗೆ ತೆಗೆದು ಕಳಿಸಬೇಕು?

ಬೆಳಗ್ಗೆ ಒಂಬತ್ತು ಹತ್ತರ ಹೊತ್ತಿಗೆ, ಕಿಟಕಿ ಹತ್ತಿರ, ನೇರ ಬಿಸಿಲು ಬೀಳದ ಕಡೆ ಇಡಿ. ಮನೆಯ ಲೈಟ್ ಆರಿಸಿ, ಫ್ಲಾಶ್ ಬೇಡ. ಪಕ್ಕದಲ್ಲಿ ಬಿಳಿ ಹಾಳೆ, ಜೊತೆಗೆ ಅಳತೆ ಗೊತ್ತಾಗಲು ಒಂದು ಬೆಂಕಿಪೊಟ್ಟಣ. ಫೋನನ್ನು ಗಿಡದ ಮಟ್ಟಕ್ಕೆ ಇಳಿಸಿ, ನಾಲ್ಕೈದು ಅಡಿ ದೂರ ನಿಂತು ಸ್ವಲ್ಪ ಝೂಮ್ ಮಾಡಿ ತೆಗೆಯಿರಿ. ತೀರಾ ಹತ್ತಿರ ಹಿಡಿದರೆ ಮುಂದಿನ ಎಲೆ ದೊಡ್ಡದಾಗಿ, ಹಿಂದಿನದು ಚಿಕ್ಕದಾಗಿ, ಗಿಡ ಇರುವುದಕ್ಕಿಂತ ತುಂಬಿಕೊಂಡ ಹಾಗೆ ಕಾಣುತ್ತದೆ.

ನಾಲ್ಕು ಫೋಟೊ ಸಾಕು. ಕುಂಡ ಸಮೇತ ಇಡೀ ಗಿಡ, ತುದಿಯ ಹೊಸ ಎಲೆ, ಬುಡದ ಒಂದು ಎಲೆಯ ಅಡಿಭಾಗ, ಮಣ್ಣು ಮತ್ತು ಕುಂಡದ ತಳ. ಎಲೆಗೆ ನೀರು ಚಿಮುಕಿಸಬೇಡಿ, ಎಣ್ಣೆ ಹಚ್ಚಿ ಒರೆಸಬೇಡಿ. ಕೊನೆಯ ಸಲ ನೀರು ಹಾಕಿದ್ದು ಯಾವಾಗ, ಗಿಡ ಈ ಜಾಗಕ್ಕೆ ಬಂದು ಎಷ್ಟು ದಿನ ಆಯಿತು ಅಂತ ಒಂದು ಸಾಲು ಬರೆಯಿರಿ. ಎಷ್ಟೋ ಸಲ ನನಗೆ ನಾಲ್ಕು ಫೋಟೊಗಿಂತ ಆ ಒಂದು ಸಾಲೇ ಜಾಸ್ತಿ ಹೇಳಿದೆ.

ಸಾಧ್ಯ ಆದರೆ ತಿಂಗಳ ಹಿಂದೆ ಅದೇ ಜಾಗದಲ್ಲಿ ತೆಗೆದ ಫೋಟೊ ಕೂಡ ಕಳಿಸಿ. ನಿಮ್ಮ ಗಿಡವನ್ನು ಪಕ್ಕದ ಮನೆಯ ಗಿಡದ ಜೊತೆ ಹೋಲಿಸುವುದಕ್ಕಿಂತ ತಿಂಗಳ ಹಿಂದಿನ ನಿಮ್ಮದೇ ಗಿಡದ ಜೊತೆ ಹೋಲಿಸುವುದನ್ನು ನಾನು ಹೆಚ್ಚು ನಂಬುತ್ತೇನೆ. ಬೆಳಕು ಅದೇ, ಫೋನು ಅದೇ, ತಳಿಯೂ ಅದೇ. ಬದಲಾಗಿದ್ದು ಗಿಡ ಮಾತ್ರ.

ಲಾಲ್‌ಬಾಗ್ ಫ್ಲವರ್ ಶೋ ಸಮಯದಲ್ಲಿ ತಂದ ಗಿಡ ಫೋಟೊದಲ್ಲಿ ಎಲ್ಲಕ್ಕಿಂತ ಚೆನ್ನಾಗಿತ್ತು. ಅದನ್ನು ಯಾಕೆ ಸೇರಿಸಲಿಲ್ಲ?

ಜನವರಿ ಮತ್ತು ಆಗಸ್ಟ್ ಶೋ ಮುಗಿದ ವಾರ ಇಂಥ ಫೋಟೊ ಬಹಳ ಬರುತ್ತವೆ. ಆ ಎಲೆಗಳು ಬೆಳೆದದ್ದು ನರ್ಸರಿಯ ನೆರಳು ಪರದೆ ಕೆಳಗೆ, ಅಲ್ಲಿನ ಗೊಬ್ಬರ, ಅಲ್ಲಿನ ತೇವದಲ್ಲಿ. ನಿಮ್ಮ ಮನೆ ಬಗ್ಗೆ ಆ ಫೋಟೊ ಇನ್ನೂ ಏನೂ ಹೇಳುತ್ತಿಲ್ಲ. ಮನೆಗೆ ಬಂದ ಮೇಲೆ ಕೆಲವು ಎಲೆ ಉದುರಬಹುದು, ಅದಕ್ಕೆ ಹೆದರಬೇಡಿ. ನಿಮ್ಮ ಮನೆಯ ಬೆಳಕಿನಲ್ಲೇ ಹುಟ್ಟಿ ಪೂರ್ತಿ ಬಿಚ್ಚಿದ ಎರಡು ಎಲೆ ಬರುವವರೆಗೆ ನಾವು ಕಾಯುತ್ತೇವೆ.

ಹಾಗಾದರೆ ಈಗ ಬಹುಮಾನ ಹೇಗೆ ಕೊಡುತ್ತೀರಿ?

ಫೋಟೊದಿಂದ ಮೊದಲ ಸುತ್ತು ಮಾತ್ರ. ಎದ್ದು ಕಾಣುವಷ್ಟು ಚೆನ್ನಾಗಿರುವ ಗಿಡಗಳನ್ನೂ, ಎದ್ದು ಕಾಣುವಷ್ಟು ಕಷ್ಟದಲ್ಲಿರುವ ಗಿಡಗಳನ್ನೂ ಬೇರೆ ಮಾಡಲು ಅದು ಸಾಕು. ಮಧ್ಯದಲ್ಲಿ ಇರುವುದನ್ನು ಮೂರನೆಯದಾ ನಾಲ್ಕನೆಯದಾ ಅಂತ ಫೋಟೊದಿಂದ ಹೇಳುವುದನ್ನು ಬಿಟ್ಟಿದ್ದೇವೆ. ಎರಡನೇ ಸುತ್ತಿಗೆ ಮನೆಗೇ ಹೋಗುತ್ತೇವೆ. ಕುಂಡ ಎತ್ತುತ್ತೇವೆ, ಮಣ್ಣಿಗೆ ಬೆರಳು ಇಳಿಸುತ್ತೇವೆ, ಎಲೆ ತಿರುಗಿಸಿ ನೋಡುತ್ತೇವೆ, ತಳದ ತೂತಿನ ಹತ್ತಿರ ಮೂಸಿ ನೋಡುತ್ತೇವೆ. ಮಣ್ಣಿನ ವಾಸನೆ ಬಂದರೆ ಸರಿ, ಕೊಳೆತ ವಾಸನೆ ಬಂದರೆ ಮನೆಯವರನ್ನು ಕೇಳಿ ಗಿಡವನ್ನು ಹೊರಗೆ ತೆಗೆದು ಬೇರು ನೋಡುತ್ತೇವೆ. ಒಂದು ಮನೆಗೆ ಹತ್ತು ನಿಮಿಷ ಬೇಕು. ಕಷ್ಟದಲ್ಲಿರುವ ಗಿಡಗಳ ಮನೆಗೆ ಮೊದಲು ಹೋಗುತ್ತೇವೆ, ಬಹುಮಾನದ ಗಿಡಗಳ ಮನೆಗೆ ಆಮೇಲೆ.